ಬೋರಲು ಮಲಗಿಸಿದ ಬೀರು

ನಮ್ಮ ಅಕ್ಕನ ಹತ್ತಿರ ಒಂದು ಕಬ್ಬಿಣದ ಟ್ರಂಕು ಇದೆ. ಅವಳ ಮದುವೆಗೆ ಅಪ್ಪ ಕೊಡಿಸಿದ್ದು. ಆಗ ಹಸಿರಾಗಿತ್ತು, ಈಗ ಯಾವ ಬಣ್ಣ ಎಂದು ಹೇಳುವುದು ಕಷ್ಟ. ಹರಿಹರಕ್ಕೆ ಸೊಸೆಯಾಗಿ ಹೋದ ದಿನದಿಂದ ಆ ಟ್ರಂಕು ಯಾರದೋ ಮಂಚದ ಕೆಳಗೇ ಇತ್ತು. ಭಾವ ಬಹಳ ಬೇಗ ಹೋಗಿಬಿಟ್ಟರು. ಮಕ್ಕಳಾಗಿರಲಿಲ್ಲ. ಮೈದುನನ ಮನೆಯಲ್ಲಿ ಅಡುಗೆ ಮಾಡಿಕೊಂಡು, ಅವರ ಮಕ್ಕಳನ್ನು ಎತ್ತಿ ಆಡಿಸಿ, ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಳೆದಳು. ಆಮೇಲೆ ಅವರು ಹೊಸ ಮನೆ ಕಟ್ಟಿಸಿದರು. ಆ ಮನೆಯಲ್ಲಿ ಎಲ್ಲರಿಗೂ ಕೋಣೆ ಇತ್ತು, ಅಕ್ಕನ ಟ್ರಂಕಿಗೆ ಮಾತ್ರ ಜಾಗ ಇರಲಿಲ್ಲ. ಅವಳು ಒಂದು ಮಾತೂ ಆಡದೆ ಹೊಳೆಯ ಕಡೆಯ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶಾವಿಗೆ, ಹಪ್ಪಳ ಮಾಡಿಕೊಂಡು ಇದ್ದಾಳೆ.

ಅಕ್ಕನ ಮದುವೆಗೆ ಮೊದಲೇ, ನಾನು ಆರನೇ ಇಯತ್ತೆಯಲ್ಲಿದ್ದಾಗ, ಅವ್ವ ತೀರಿಕೊಂಡಳು. ಅಲ್ಲಿಂದ ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು, ಮೊದಲ ಸಲ ಸೀರೆ ಉಡಿಸಿದವಳು ಎಲ್ಲಾ ಅಕ್ಕನೇ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಹೋದ ಮೇಲೆ ತವರುಮನೆಯೂ ಇಲ್ಲ. ಪಂಚಮಿ ಹಬ್ಬಕ್ಕೆ ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ತವರಿಗೆ ಹೊರಟರೆ ನಾನು ಬಾಗಿಲಲ್ಲಿ ನಿಂತು ‘ಹೋಗಿ ಬರ್ರಿ’ ಅನ್ನುತ್ತಿದ್ದೆ. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು, ಹಾಗೆ ಅನ್ನುವುದೇ ನನ್ನ ಪಂಚಮಿ.

ಹೋದ ವರ್ಷ ಅಕ್ಕನ ಮೊಣಕಾಲು ಕೈಕೊಟ್ಟಿತು. ಪಕ್ಕದ ಊರಿನ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಮಗಳ ಕೋಣೆ ಖಾಲಿ ಇತ್ತು, ಅವಳು ಮದುವೆಯಾಗಿ ಚಿತ್ರದುರ್ಗದಲ್ಲಿದ್ದಾಳೆ. ‘ಇಲ್ಲೇ ಬಂದಿರು’ ಎಂದು ನಾನು ಎಷ್ಟು ಸಲ ಕರೆದೆನೋ ಶಿವನಿಗೇ ಗೊತ್ತು. ಪ್ರತಿ ಸಲವೂ ಅವಳದು ಒಂದೇ ಉತ್ತರ.

‘ಟ್ರಂಕು ಮಂಚದ ಕೆಳಗ ಇರೋತನ ನಾನು ನೆಂಟಳೇ ಕಣೆ. ನಿನ್ನ ಮನ್ಯಾಗೂ ನೆಂಟಳೇ. ಈ ವಯಸ್ಸಿನಾಗ ನೆಂಟಸ್ತನ ಬ್ಯಾಡ.’

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ಅವಳಿಗೊಂದು ಬೀರು ಬೇಕು ಎಂದು ತೀರ್ಮಾನ ಮಾಡಿದೆ. ಬೀರು ಇದ್ದರೆ ಅವಳು ನೆಂಟಳಲ್ಲ. ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಮೊಬೈಲಿನಲ್ಲಿ ಹುಡುಕಿ, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳುವ ಬೀರು ತರಿಸಿದರು. ಎರಡು ಬಾಗಿಲು, ಆರಡಿ ಎತ್ತರ, ಮೂರಡಿ ಅಗಲ. ಆಷಾಢದಲ್ಲಿ ಬಂದಿದ್ದರಿಂದ ಒಡೆಯಲು ನಾನು ಬಿಡಲಿಲ್ಲ. ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿದ ಮೇಲೆ ಭಾನುವಾರ ಪೆಟ್ಟಿಗೆ ಬಿಚ್ಚಿದೆವು. ಸೋಮವಾರ ಬೆಳಿಗ್ಗೆ ಅಕ್ಕ ಬರುವವಳಿದ್ದಳು. ‘ಬೀರು ತಂದೀನಿ, ನಿನ್ನ ಹೆಸರಿಂದು’ ಎಂದು ಫೋನಿನಲ್ಲಿ ಹೇಳಿದ ಮೇಲೆ ‘ಬರ್ತೀನಿ, ನೋಡಾನ’ ಅಂದಿದ್ದಳು.

ಪೆಟ್ಟಿಗೆಯೊಳಗೆ ಹಲಗೆಗಳು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಸಾಮಾನು. ಒಂದು ತುದಿಗೆ ಸ್ಕ್ರೂ, ಇನ್ನೊಂದು ತುದಿಗೆ ಗುಂಡು ತಲೆ ಇರುವ ಬೋಲ್ಟುಗಳು. ಕೋಟಿನ ಗುಂಡಿಯಷ್ಟು ಅಗಲದ ಬೆಳ್ಳಿ ಬಣ್ಣದ ಬಿಲ್ಲೆಗಳು, ಅವಕ್ಕೆ ಕ್ಯಾಮ್ ಅನ್ನುತ್ತಾರಂತೆ. ಬೋಲ್ಟನ್ನು ಒಂದು ಹಲಗೆಗೆ ತಿರುಗಿಸಿ ಕೂರಿಸಬೇಕು, ಬಿಲ್ಲೆಯನ್ನು ಇನ್ನೊಂದು ಹಲಗೆಯ ದೊಡ್ಡ ತೂತಿಗೆ ಇಡಬೇಕು. ಎರಡು ಹಲಗೆ ಸೇರಿಸಿದಾಗ ಬೋಲ್ಟಿನ ತಲೆ ಬಿಲ್ಲೆಯ ಬಾಯೊಳಗೆ ಹೋಗುತ್ತದೆ. ಬಿಲ್ಲೆ ತಿರುಗಿಸಿದರೆ ಅದು ತಲೆಯನ್ನು ಕಚ್ಚಿ ಎಳೆದುಕೊಳ್ಳುತ್ತದೆ. ಇಷ್ಟೇ. ಜೊತೆಗೆ ಒಂದಿಷ್ಟು ಮರದ ಗೂಟ, ಒಂದು ಪೊಟ್ಟಣ ಸಣ್ಣ ಮೊಳೆ, ಮಡಚಿದ ಒಂದು ತೆಳು ಹಲಗೆ. ಬರೀ ಚಿತ್ರಗಳೇ ಇದ್ದ ಒಂದು ಕಾಗದ, ಅಕ್ಷರವೇ ಇಲ್ಲ.

ಕನ್ನಡಕ ಏರಿಸಿಕೊಂಡು ನಮ್ಮನೆಯವರು ಕಾಗದ ಓದಲು ಕೂತರು. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಪಕ್ಕದ ಹಲಗೆ, ಮೇಲಿನದು, ಕೆಳಗಿನದು, ನಡುವಿನ ಹಲಗೆ ಎಲ್ಲಾ ಹೇಗೋ ನಿಂತವು. ಬೆನ್ನಿನ ತೆಳು ಹಲಗೆ ಹೊಡೆಯುವುದು ಉಳಿದಿತ್ತು. ಅಲ್ಲೇ ಎಡವಟ್ಟಾಯಿತು.

ಚಿತ್ರದಲ್ಲಿ ಬೀರನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿದ್ದರು. ನೋಡಿದ ಕೂಡಲೇ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಕೊಡ, ಬೋಗುಣಿ ಕೂಡ ಹೊಸದಿದ್ದಾಗ ಬೋರಲು ಹಾಕುವುದಿಲ್ಲ. ಅಂಥದ್ದರಲ್ಲಿ ಅಕ್ಕನಿಗೆಂದು ತಂದ ಬೀರನ್ನು, ಶ್ರಾವಣದ ಮೊದಲ ವಾರ, ಬೋರಲು ಹಾಕುವುದೇ.

‘ಮಕಾಡೆ ಮಲಗಿಸೋದು ಬ್ಯಾಡ್ರಿ’ ಅಂದೆ. ‘ಹಂಗೇ ನಿಂತಿರ್ಲಿ, ಹಿಂದ್ಲಿಂದ ಮೊಳೆ ಹೊಡೀರಿ.’

ಅವರೂ ಕಾಗದ ತೋರಿಸಿ ತಲೆಯಾಡಿಸಿದರು. ‘ಇಲ್ಲಿ ನೋಡು, ಅವರೂ ಅದನ್ನೇ ಹೇಳ್ಯಾರೆ. ಮಲಗಿಸಿದ ಬೀರಿನ ಮ್ಯಾಲೆ ಗೀಟು ಹಾಕ್ಯಾರೆ. ತಪ್ಪು ಅಂತ.’

ನಿಜ, ಮಲಗಿದ ಬೀರಿನ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೀಟು ಇದ್ದವು. ಮೂವತ್ತು ವರ್ಷ ಮಕ್ಕಳ ಲೆಕ್ಕದ ಮೇಲೆ ಇಂಥದೇ ಗೀಟು ಎಳೆದವರು ಅವರು. ಅವರ ಕಣ್ಣಿಗೆ ಅದು ತಪ್ಪು ಎಂದೇ ಕಂಡಿತು, ನನಗೂ ಅದೇ ಬೇಕಾಗಿತ್ತು. ಭಾನುವಾರ ನಾಲ್ಕೂವರೆಗೆ ರಾಹುಕಾಲ ಬೇರೆ. ಅಷ್ಟರೊಳಗೆ ಮುಗಿಯಲಿ ಎಂದು ನಾನು ಹಿಂದೆ ಬಿದ್ದೆ. ಬೀರನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದು, ಆ ಸಂದಿಯಲ್ಲಿ ಅವರು ತೂರಿಕೊಂಡು, ನಾನು ಮುಂದಿನಿಂದ ಒತ್ತಿ ಹಿಡಿದು, ಟಕಟಕ ಎಂದು ಮೊಳೆ ಹೊಡೆದು ಮುಗಿಸಿದೆವು. ಕೆಲವು ಬಿಲ್ಲೆಗಳನ್ನು ಸ್ವಲ್ಪ ತಿರುಗಿಸಿ ‘ಬಿಗಿ ಆತು’ ಅಂದುಕೊಂಡರು. ನಡುವಿನ ಹಲಗೆಯ ಅಡಿಯಲ್ಲಿದ್ದ ಒಂದು ಬಿಲ್ಲೆ ಅವರ ಕಣ್ಣಿಗೇ ಬಿದ್ದಿರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಕೆಲಸ ಮುಗಿಯಿತು. ನಾನು ಬೀರಿಗೆ ವಿಭೂತಿ, ಕುಂಕುಮ ಹಚ್ಚಿ ಎರಡು ಊದುಬತ್ತಿ ಬೆಳಗಿದೆ. ಬಾಗಿಲುಗಳು ಒಂದಕ್ಕೊಂದು ಸರಿ ಕೂಡುತ್ತಿರಲಿಲ್ಲ. ಮೇಲೆ ಬೆರಳು ತೂರುವಷ್ಟು ಸಂದು, ಕೆಳಗೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಹೊಸದು, ಹೊಂದಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕ ಬಂದಳು. ಕಾಲು ತೊಳೆದು ಒಳಗೆ ಬಂದು, ದೇವರಿಗೆ ಕೈಮುಗಿದು, ಸೀದಾ ಬೀರಿನ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಟ್ರಂಕು ತೆಗೆದು ಒಂದೊಂದೇ ಸೀರೆ ಜೋಡಿಸಿದಳು. ಎಲ್ಲಾ ಸೇರಿ ಹನ್ನೊಂದು ಸೀರೆ, ಭಾವನ ಒಂದು ಪಂಚೆ, ಅವ್ವನ ಬೆಳ್ಳಿ ಕುಂಕುಮದ ಭರಣಿ. ನಡುವಿನ ಹಲಗೆಯ ಮೇಲೆ ಎಲ್ಲ ಇಟ್ಟು, ಹಿಂದೆ ಸರಿದು ನಿಂತು ನೋಡಿದಳು. ಖಾಲಿ ಟ್ರಂಕನ್ನು ನಾನು ಅಟ್ಟಕ್ಕೆ ಹಾಕಿಸಿದೆ. ಆ ರಾತ್ರಿ ನನಗೆ ಬಂದಂಥ ನಿದ್ದೆ ಅವ್ವ ಇದ್ದಾಗ ಬರುತ್ತಿತ್ತು.

ಪಂಚಮಿಗೆ ಇಬ್ಬರೂ ಸೇರಿ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿದೆವು. ನಾಗಪ್ಪನಿಗೆ ಹಾಲೆರೆದು ಬಂದು ಜಗುಲಿಯಲ್ಲಿ ಕೂತಾಗ ಅಕ್ಕ ‘ನಿನ್ನ ಜಡಿ ಇಷ್ಟು ಸಣ್ಣ ಆತಲ್ಲೇ’ ಎಂದು ನನ್ನ ಜಡೆ ಹಿಡಿದು ನಕ್ಕಳು. ಈ ಒಂದು ಕ್ಷಣಕ್ಕೆ ದೇವರಿಗೆ ನಾನು ಎಷ್ಟು ಸಲ ಶರಣು ಅಂದರೂ ಸಾಲದು.

ಆದರೆ ಬೀರು ದಿನದಿಂದ ದಿನಕ್ಕೆ ಕೆಡುತ್ತಾ ಬಂತು. ಬಲಬಾಗಿಲನ್ನು ಎತ್ತಿ ಹಿಡಿದೇ ಹಾಕಬೇಕು. ಕೈ ತಾಗಿದರೆ ಇಡೀ ಬೀರು ಅತ್ತಿತ್ತ ತೂಗುತ್ತಿತ್ತು. ಪಂಚಮಿಯ ಎರಡನೇ ದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ, ಕೋಣೆಯಲ್ಲಿ ದಡಾರೆಂದಿತು. ಓಡಿ ಹೋಗಿ ನೋಡಿದರೆ ನಡುವಿನ ಹಲಗೆ ಒಂದು ತುದಿ ಬಿಟ್ಟು ಕೆಳಗೆ ಜಾರಿತ್ತು. ಸೀರೆಗಳು ರಾಶಿಯಾಗಿ ಬಿದ್ದಿದ್ದವು. ಅವ್ವನ ಭರಣಿ ಉರುಳಿ ಕುಂಕುಮವೆಲ್ಲ ಭಾವನ ಬಿಳಿ ಪಂಚೆಯ ಮೇಲೆ ಚೆಲ್ಲಿತ್ತು.

ಅಕ್ಕ ಅಳಲಿಲ್ಲ. ಮಂಚದ ಮೇಲೆ ಕೂತು ಸಣ್ಣಗೆ ನಕ್ಕಳು.

‘ನಿನ್ನ ಬೀರೂ ನನ್ನ ಹೊರಾಕ ಒಪ್ಪಲಿಲ್ಲ ನೋಡು.’

‘ಹಲಗಿ ಜಾರಿದ್ರೆ ನೀನ್ಯಾಕ ಹಂಗೆ ಅಂತಿ ಅಕ್ಕಾ? ಸಂಜೀಕೆ ಸರಿ ಮಾಡಿಸ್ತೀನಿ.’

‘ಟ್ರಂಕು ಇಳಿಸಾಕ ಹೇಳು.’

ನಮ್ಮನೆಯವರು ‘ಅಕ್ಕಾರೆ, ತಪ್ಪು ನಂದು, ಎರಡು ದಿನ ಇರ್ರಿ’ ಎಂದು ಬೇಡಿಕೊಂಡರು. ‘ನಿಮ್ಮದೇನು ತಪ್ಪು ಮೇಷ್ಟ್ರೆ, ನನ್ನ ಹಣೆಬರಹಕ್ಕೆ ಪಾಪ ನೀವ್ಯಾಕ ಮೊಳೆ ಹೊಡೀತೀರಿ’ ಎಂದು ಅವರನ್ನೂ ನಗಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗಿಯೇಬಿಟ್ಟಳು. ಹರಿಹರ ಎಷ್ಟು ದೂರ, ಬಸ್ಸಿನಲ್ಲಿ ಅರ್ಧ ತಾಸು. ಆದರೂ ಬಸ್ಸು ತಿರುಗಿದ ಮೇಲೆ ನಿಲ್ದಾಣದಲ್ಲಿ ನಿಂತವಳಿಗೆ ಅವಳು ಸಮುದ್ರ ದಾಟಿ ಹೋದಹಾಗಾಯಿತು.

ಮುಂದಿನ ಮೂರು ವಾರ ನಾನು ಆ ಕೋಣೆ ಗುಡಿಸಲಷ್ಟೇ ಹೋಗುತ್ತಿದ್ದೆ. ಒಮ್ಮೊಮ್ಮೆ ಬೀರಿನ ಬಾಗಿಲು ಎತ್ತಿ ತೆಗೆದು ಒಳಗೆ ಮುಖ ಇಡುತ್ತಿದ್ದೆ. ಅಕ್ಕನ ಸೀರೆಗಳ ಕರ್ಪೂರದ ವಾಸನೆ ಇನ್ನೂ ಇತ್ತು. ಪೂಜೆಯಲ್ಲಿ ಕೂತರೆ ‘ಶಿವನೇ, ನಾನು ಏನು ತಪ್ಪು ಮಾಡಿದೆ’ ಎಂದು ಕೇಳುವುದೇ ಆಯಿತು. ಬೋರಲು ಹಾಕದೆ ಶಾಸ್ತ್ರದಂತೆ ನಡೆದುಕೊಂಡೆನಲ್ಲ, ರಾಹುಕಾಲ ಕೂಡ ತಪ್ಪಿಸಿದೆನಲ್ಲ ಎಂದು ದೇವರ ಮುಂದೆ ತಕರಾರು ಮಾಡುತ್ತಿದ್ದೆ.

ಶ್ರಾವಣದ ಕೊನೆಯ ವಾರ ಒಂದು ಸಂಜೆ ಬಾಗಿಲಲ್ಲಿ ಒಬ್ಬರು ಹಿರಿಯರು ನಿಂತಿದ್ದರು. ಬಿಳಿ ಗಡ್ಡ, ಅಂಗಿಯ ಮೇಲೆಲ್ಲ ಮರದ ಪುಡಿ. ಹರಿಹರದಲ್ಲಿ ಅಕ್ಕನ ಪಕ್ಕದ ಮನೆಯ ಬಡಗಿ ಸಾಹೇಬರು. ಮೊದಲು ತೇಗದ ಬಾಗಿಲು, ತೊಟ್ಟಿಲು ಮಾಡುತ್ತಿದ್ದವರು ಈಗ ನಮ್ಮೂರಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಇಂಥದೇ ಹಲಗೆ ಕೊಯ್ಯುವ ಕೆಲಸಕ್ಕೆ ದಿನಾ ಬಂದು ಹೋಗುತ್ತಾರೆ.

‘ನಿಮ್ಮಕ್ಕ ಕಳಿಸ್ಯಾರ್ರಿ ತಂಗ್ಯಮ್ಮಾ’ ಅಂದರು. ‘ತಂಗಿ ಬೀರಿನ ಮುಂದ ಕುಂತು ಅಳ್ತಿರ್ತಾಳೆ, ಹೋಗಿ ನೋಡು ಅಣ್ಣಾ ಅಂದ್ರು.’

ಅಳುತ್ತಿದ್ದೇನೆ ಎಂದು ನಾನು ಅಕ್ಕನಿಗೆ ಹೇಳೇ ಇರಲಿಲ್ಲ.

ಸಾಹೇಬರು ಬೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಬಾಗಿಲ ಸಂದು ನೋಡಿದರು. ಒಂದು ಬೆರಳಿನಿಂದ ನೂಕಿದರು. ಬೀರು ತೂಗಿತು.

‘ಇದಕ್ಕ ಗುಣಿಯಾ ಇಲ್ರಿ.’

ನನಗೆ ‘ಗುಣಾ ಇಲ್ರಿ’ ಎಂದು ಕೇಳಿಸಿತು. ಮನಸ್ಸಿಗೆ ನೋವಾಯಿತು. ‘ಸಾಹೇಬ್ರೆ, ಬೀರು ಏನು ಮಾಡೈತೆ, ಗುಣ ಇಲ್ದಿರೋದು ಜೋಡಿಸಿದ ನಮಗೇ ಇರ್ಬೇಕು’ ಅಂದೆ.

ಅವರು ನಕ್ಕುಬಿಟ್ಟರು. ‘ಗುಣ ಅಲ್ರೀ, ಗುಣಿಯಾ. ಮೂಲೆ. ಮೂಲೆ ಕಾಟಕೋನ ಇಲ್ಲ, ಒಂದು ಕಡೀಗೆ ವಾಲೈತೆ ಅಂತ. ನಿಂತಲ್ಲೇ ಬೆನ್ನು ಹೊಡ್ದೀರಿ ಅಲ್ಲ? ಹೊಡೆಯೋವಾಗ ಅದು ಹೆಂಗೆ ವಾಲಿತ್ತೋ ಹಂಗೇ ಮೊಳೆ ಹಿಡ್ಕಂಡೈತೆ. ಈ ತೆಳು ಹಲಗಿ ಧೂಳು ತಡಿಯಾಕ ಅಂತ ತಿಳ್ಕಂಡೀರಿ. ಇದೇ ಇದರ ಬೆನ್ನುಮೂಳೆ. ಬೆನ್ನು ನೆಟ್ಟಗಾದ್ರೆ ಬಾಗಿಲು ತಾನೇ ಕೂಡ್ತೈತೆ.’

‘ಬೋರಲು ಮಲಗಿಸ್ಬಾರದು ಅಂತ…’ ಎಂದು ನಾನು ಗುಟ್ಟು ಬಿಟ್ಟೆ.

‘ಯಾಕ?’

‘ಹೊಸಾ ಸಾಮಾನು. ಅಶುಭ.’

ಅವರು ನಗಲಿಲ್ಲ. ಗಡ್ಡ ಸವರಿಕೊಂಡರು. ‘ನಾವು ನಮಾಜಿನಾಗ ಹಣಿ ನೆಲಕ್ಕ ಹಚ್ತೀವ್ರಿ. ನಿಮ್ಮ ಗುಡಿಯಾಗ ದೀಡು ನಮಸ್ಕಾರ ಹಾಕೋರು ಹೆಂಗೆ ಹಾಕ್ತಾರೆ, ಅಂಗಾತ ಹಾಕ್ತಾರೇನು?’

ನಾನೇ ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಗುಡಿಯ ಸುತ್ತ ದೀಡು ನಮಸ್ಕಾರ ಹಾಕಿದವಳು, ಹೊಟ್ಟೆ ನೆಲಕ್ಕೆ ಹಚ್ಚಿ, ಮುಖ ಮಣ್ಣಿಗೆ ಇಟ್ಟು. ಆಗ ಅಶುಭ ಅನ್ನಿಸಿರಲಿಲ್ಲ.

‘ಮಲಗಿಸ್ರಿ’ ಅಂದೆ.

ನೆಲಕ್ಕೆ ಹಳೆಯ ಕೌದಿ ಹಾಸಿದೆವು. ಸಾಹೇಬರು ಮೊದಲು ಬಾಗಿಲು ಕಳಚಿದರು. ಆಮೇಲೆ ಮೂವರೂ ಹಿಡಿದು ಬೀರನ್ನು ಮೆಲ್ಲಗೆ ಮುಖ ಕೆಳಗೆ ಮಾಡಿ ಮಲಗಿಸಿದೆವು. ಅವರು ಬೆನ್ನಿನ ಮೊಳೆಗಳನ್ನೆಲ್ಲ ಮೀಟಿ ತೆಗೆದು, ತೆಳು ಹಲಗೆ ಎತ್ತಿ ಗೋಡೆಗೆ ಆನಿಸಿದರು. ನಂತರ ಒಂದೊಂದೇ ಬಿಲ್ಲೆ ನೋಡುತ್ತ ಹೋದರು.

‘ಇಲ್ಲಿ ನೋಡ್ರಿ ಮೇಷ್ಟ್ರೆ. ಬೋಲ್ಟನ್ನ ಕತ್ತಿನತನ ಇಳಿಸಿಲ್ಲ, ಎರಡು ಸುತ್ತು ಹೊರಗೈತೆ. ಹಂಗಿದ್ರೆ ಕ್ಯಾಮು ತಿರುವಿದ್ರೂ ಎಳೆಯಲ್ಲ. ಇಲ್ಲಿ ಕ್ಯಾಮಿನ ಮ್ಯಾಲೆ ಸಣ್ಣ ಬಾಣ ಐತಲ್ಲ, ಅದು ಹಲಗಿ ಅಂಚಿನ ತೂತಿನ ಕಡಿ ನೋಡ್ತಿರಬೇಕು. ಬೋಲ್ಟು ಬರೋದು ಆ ದಾರಿಯಾಗ. ಬಾಯಿ ತೆರಕಂಡು ಕಾಯ್ತಿರಬೇಕು. ತಲಿ ಒಳಗ ಬಂದಮ್ಯಾಲೆ ತಿರುವ್ರಿ. ಕಾಲು ಸುತ್ತಿಗೆ ಬಿಡಬ್ಯಾಡ್ರಿ, ಅರ್ಧ ಸುತ್ತಿನ ಹತ್ರ ಹೋಗ್ಲಿ. ಗಟ್ಟಿ ಆತು ಅಂದ್ರೆ ನಿಲ್ಸ್ರಿ. ಮ್ಯಾಲೆ ಜೋರು ಮಾಡಿದ್ರೆ ಹಲಗಿ ಒಡೀತೈತೆ, ಇದು ತೇಗ ಅಲ್ಲ, ಪುಡಿ ಒತ್ತಿ ಮಾಡಿದ್ದು.’

ನಡುವಿನ ಹಲಗೆಯ ಅಡಿಯ ಬಿಲ್ಲೆ ತಿರುಗಿಸೇ ಇರಲಿಲ್ಲ. ಬರೀ ಮರದ ಗೂಟದ ಮೇಲೆ ಅಕ್ಕನ ಹನ್ನೊಂದು ಸೀರೆ ಐದು ದಿನ ನಿಂತಿದ್ದವು. ಅಷ್ಟು ದಿನವಾದರೂ ನಿಂತವಲ್ಲ, ಅದೂ ಒಂದು ಕೃಪೆಯೇ.

ಆ ಬೋಲ್ಟಿನ ತೂತು ಸಡಿಲಾಗಿತ್ತು. ಸಾಹೇಬರು ನನ್ನಿಂದ ಬೆಂಕಿಕಡ್ಡಿ ಕೇಳಿ, ಮದ್ದು ಮುರಿದು ಹಾಕಿ, ಮರದ ಅಂಟು ಸವರಿ ತೂತಿಗೆ ತುರುಕಿ, ಬೋಲ್ಟನ್ನು ಮತ್ತೆ ಇಳಿಸಿದರು.

‘ಈಗ ಕ್ರಾಸು ಅಳೀಬೇಕು. ಟೇಪು ಶೆಡ್ಡಿನಾಗ ಬಿಟ್ಟು ಬಂದೀನಿ.’

ನನ್ನ ಹೊಲಿಗೆ ಟೇಪು ಐದಡಿ ಮಾತ್ರ, ಸಾಲಲಿಲ್ಲ. ದೇವರ ಮನೆಯಿಂದ ಹೂ ಕಟ್ಟುವ ದಾರದ ಉಂಡೆ ತಂದೆ. ಈ ಮೇಲಿನ ಮೂಲೆಯಿಂದ ಆ ಕೆಳಗಿನ ಮೂಲೆಗೆ ದಾರ ಹಿಡಿದು ಗಂಟು ಹಾಕಿದೆ. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದರೆ ಗಂಟು ಎರಡು ಬೆರಳು ಈಚೆಗೇ ನಿಂತಿತು.

‘ದಾರ ಎಳೀಬ್ಯಾಡ್ರಿ ತಂಗ್ಯಮ್ಮಾ. ಎಳೆದ್ರೆ ಅದೂ ನಿಮಗೆ ಬೇಕಾದಂಗ ಸುಳ್ಳು ಹೇಳ್ತೈತೆ.’

ನಮ್ಮನೆಯವರು ದಾರವನ್ನೇ ನೋಡುತ್ತ ನಿಂತಿದ್ದರು. ‘ಕರ್ಣ’ ಅಂದರು ಮೆಲ್ಲಗೆ.

‘ಯಾವ ಕರ್ಣಾರೀ?’ ಅಂದೆ, ಮಹಾಭಾರತ ಯಾಕೆ ಬಂತು ಎಂದು.

‘ಆಯತದ ಕರ್ಣಗಳು ಸಮ. ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಬರೆದೀನಿ. ಆ ಕಾಗದದಾಗ ಇದ್ದದ್ದು ತಪ್ಪಿನ ಗೀಟಲ್ಲ. ಇದನ್ನ ಅಳೀರಿ ಅಂತ.’

ಅವರ ಮುಖ ನೋಡಿ ನನಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಉದ್ದ ಇದ್ದ ಕಡೆಯ ಎರಡು ಮೂಲೆಗಳನ್ನು ಸಾಹೇಬರು ಒಂದು ಕಡೆಯಿಂದ, ಇವರು ಇನ್ನೊಂದು ಕಡೆಯಿಂದ ಒಳಕ್ಕೆ ಒತ್ತಿದರು. ನಾನು ಪ್ರತಿ ಸಲ ಗಂಟು ಹೊಸದಾಗಿ ಹಾಕಿ ದಾರ ಹಿಡಿದೆ. ಒಂದು ಬೆರಳು. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ಎರಡೂ ಕಡೆ ಗಂಟು ಮೂಲೆಯ ಮೇಲೇ ಬಂದು ಕೂತಿತು. ಆಗ ತೆಳು ಹಲಗೆ ಹಾಸಿ, ಅದರ ಮೇಲಂಚು ಬೀರಿನ ಮೇಲಂಚಿಗೆ ಸರಿ ಇಟ್ಟು ಮೊದಲು ಅಲ್ಲಿ ಹೊಡೆದರು. ಆಮೇಲೆ ಒಂದು ಪಕ್ಕ. ಮತ್ತೆ ದಾರ ಹಿಡಿಸಿದರು. ಆಮೇಲೆ ಉಳಿದ ಪಕ್ಕ, ಕೆಳಗೆ, ಕೊನೆಗೆ ನಡುವಿನ ಹಲಗೆಯ ಗುಂಟ. ಹಳೆಯ ತೂತಿಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಬೆರಳಗಲ ಪಕ್ಕಕ್ಕೇ ಹೊಡೆದರು. ‘ಹಳೇ ತೂತು ಮೊಳೆ ಹಿಡಿಯಲ್ರಿ.’

ಎತ್ತಿ ನಿಲ್ಲಿಸಿ ಬಾಗಿಲು ಹಾಕಿದರೆ, ಎರಡರ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಗೀಟು. ಬೀರಿನ ನೆತ್ತಿಗೆ ಒಂದು ಪಟ್ಟಿ ಹಾಕಿ, ಮುಂದಕ್ಕೆ ಬೀಳದಂತೆ ಗೋಡೆಗೂ ಬಿಗಿದರು. ಸಾಹೇಬರಿಗೆ ಚಹಾ ಕೊಡುವಾಗ ಕೇಳಿದೆ, ‘ಮತ್ತೆ ಬಿಚ್ಚಬೇಕಾದ್ರೆ ಆಗ್ತೈತಾ?’

‘ಹುಷಾರಾಗಿ ಬಿಚ್ಚಿದ್ರೆ ಒಂದೆರಡು ಸಲ ಆಗ್ತೈತ್ರಿ. ಅದಕ್ಕೇ ಅಲ್ಲ ಕ್ಯಾಮು ಇರೋದು.’

ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ.

ಮುಂದಿನ ಸೋಮವಾರ ಅಕ್ಕನನ್ನು ಕರೆತಂದೆ. ಅವಳು ಬೀರಿನ ಬಾಗಿಲನ್ನು ಒಂದೇ ಬೆರಳಲ್ಲಿ ತೆಗೆದಳು, ಒಂದೇ ಬೆರಳಲ್ಲಿ ಹಾಕಿದಳು. ಮತ್ತೆ ತೆಗೆದಳು. ನಾನು ಅಟ್ಟದ ಕಡೆ ನೋಡಿದೆ, ಈ ಸಲ ಟ್ರಂಕು ತಂದಿರಲಿಲ್ಲ, ನಾಳೆ ತರಿಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

‘ಇದನ್ನ ಬಿಚ್ಚಾಕ ಬರ್ತೈತೇನೆ?’ ಅಂದಳು ಅಕ್ಕ.

‘ಯಾಕ?’

‘ನನ್ನ ಕೋಣೀಗೆ ಒಯ್ಯಾನ ಅಂತ. ಅಲ್ಲಿ ಹೊಳಿ ಕಡಿ ಗ್ವಾಡಿಗೆ ಸರಿ ಕುಂದರ್ತೈತೆ.’

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ‘ಬರಲ್ಲಕ್ಕ’ ಅಂದೆ. ‘ಬಿಚ್ಚಿದ್ರೆ ಪುಡಿ ಪುಡಿ ಆಗ್ತೈತಂತೆ. ಸಾಹೇಬ್ರು ಹೇಳಿದ್ರು.’

‘ಹೌದಾ’ ಅಂದಳು. ಬಾಗಿಲನ್ನು ಮೆಲ್ಲಗೆ ಹಾಕಿ, ಅಂಗೈಯಲ್ಲಿ ಒಮ್ಮೆ ಸವರಿದಳು. ‘ಹೋಗ್ಲಿ ಬಿಡು.’

ಸಂಜೆ ದೀಪ ಹಚ್ಚಲು ಕೂತೆ. ಬತ್ತಿ ಹೊಸೆಯಲು ಕೈ ಹಾಕಿದರೆ ಪಕ್ಕದಲ್ಲೇ ಆ ಹೂವಿನ ದಾರ, ಇನ್ನೂ ಗಂಟು ಬಿಚ್ಚಿರಲಿಲ್ಲ. ಎಳೆದರೆ ನಿಮಗೆ ಬೇಕಾದಂತೆ ಸುಳ್ಳು ಹೇಳುತ್ತದೆ ಎಂದಿದ್ದರು. ನಾನು ಕೂತಿದ್ದು ದೇವರ ಮುಂದೆ, ಸೋಮವಾರ, ನನ್ನನ್ನು ಎತ್ತಿ ಬೆಳೆಸಿದವಳಿಗೆ ಸುಳ್ಳು ಹೇಳಿ. ದೀಪ ಹಚ್ಚದೆ ಎದ್ದು ಅಡುಗೆಮನೆಗೆ ಹೋದೆ. ಅಕ್ಕ ಶೇಂಗಾ ಸುಲಿಯುತ್ತಿದ್ದಳು.

‘ಬಿಚ್ಚಾಕ ಬರ್ತೈತಕ್ಕ’ ಅಂದೆ. ‘ನೀನಿಲ್ಲೇ ಇರ್ಲಿ ಅಂತ ಹಂಗಂದೆ.’

ಅಕ್ಕ ತಲೆ ಎತ್ತಲಿಲ್ಲ. ‘ಗೊತ್ತಾತು. ಸಣ್ಣಾಕಿದ್ದಾಗಿಂದ ಸುಳ್ಳು ಹೇಳೋವಾಗ ನೀನು ಸೆರಗು ತಿರುವ್ತಿ.’

ಇನ್ನೊಂದು ಹಿಡಿ ಶೇಂಗಾ ಸುಲಿದು ತಾನೇ ಹೇಳಿದಳು. ‘ಬೀರು ಬಿದ್ದದ್ದು ನೆವ ಕಣೆ. ಇಲ್ಲಿ ನಿದ್ದಿ ಬರ್ತಿರಲಿಲ್ಲ. ನೀನು ಎಷ್ಟು ಚಲೋ ನೋಡ್ಕಂಡ್ರೂ ಬೆಳಿಗ್ಗೆ ಎದ್ದು ಕಸಬರಿಗಿ ಎಲ್ಲೈತೆ ಅಂತ ಕೇಳಬೇಕು. ಅಲ್ಲಿ ಕತ್ತಲಾಗೂ ನಂದು ನನಗೆ ಸಿಗ್ತೈತೆ. ನನ್ನ ಮನೀಗೆ ಬಂದ್ರೂ ನೀನು ಹೊತ್ತು ಮುಳುಗೋದ್ರಾಗ ಓಡಿ ಬರ್ತಿ. ಒಂದಿನ ಉಳಿದೀಯೇನು?’

ಉಳಿದಿರಲಿಲ್ಲ. ಒಂದು ಕೋಣೆ, ಅವಳಿಗೆ ತೊಂದರೆ ಎಂದುಕೊಂಡಿದ್ದೆ. ನಾನೂ ಅಲ್ಲಿ ನೆಂಟಳೇ ಆಗಿದ್ದೆ.

ಗಣಪತಿ ಹಬ್ಬ ಕಳೆದ ಮೇಲೆ ಸಾಹೇಬರಿಗೆ ರಜೆ ಇದ್ದ ದಿನ ಬೀರು ಬಿಚ್ಚಿದೆವು. ಮೊದಲು ಗೋಡೆಯ ಪಟ್ಟಿ, ಬಾಗಿಲು, ಆಮೇಲೆ ಮತ್ತೆ ಬೋರಲು, ಬೆನ್ನು, ಕೊನೆಗೆ ಬಿಲ್ಲೆಗಳು. ನಾನೇ ಬಿಲ್ಲೆ ತಿರುಗಿಸಿದೆ, ಬಾಣ ಮತ್ತೆ ಅಂಚಿನ ಕಡೆ ಬಂದಾಗ ಬೋಲ್ಟು ತಾನೇ ಬಿಟ್ಟುಕೊಟ್ಟಿತು. ಕಚ್ಚಿ ಹಿಡಿದದ್ದನ್ನು ಬಿಡಿಸುವುದು ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಬೋಲ್ಟು, ಬಿಲ್ಲೆ, ಗೂಟ ಎಲ್ಲ ಎಣಿಸಿ ಡಬ್ಬಿಗೆ ಹಾಕಿ, ಹಲಗೆಗಳ ಮೇಲೆ ಇವರು ಸೀಮೆಸುಣ್ಣದಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂದು ಬರೆದರು, ಬೋರ್ಡಿನ ಮೇಲೆ ಬರೆದಷ್ಟೇ ದುಂಡಗೆ. ಲಗೇಜು ಆಟೋದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆವು.

ಅಕ್ಕನ ಕೋಣೆಯ ನೆಲ ಬಚ್ಚಲ ಕಡೆ ಇಳಿಜಾರು. ಬೀರು ನಿಲ್ಲಿಸಿದ ಮೇಲೆ ಒಂದು ಬದಿಗೆ ಸಾಹೇಬರು ತೆಳ್ಳಗಿನ ಮರದ ಚಕ್ಕೆ ಕೊಟ್ಟು ಮಟ್ಟ ಮಾಡಿ, ಮನೆ ಮಾಲೀಕರನ್ನು ಕೇಳಿ ಗೋಡೆಗೆ ಬಿಗಿದರು. ಅದಕ್ಕೂ ಮೊದಲು, ಬೋರಲು ಮಲಗಿಸಿದಾಗ, ಅದೇ ದಾರ ಅದೇ ಗಂಟು ಎರಡೂ ಕಡೆ ಹಿಡಿದು ನೋಡಿದೆ. ಎಳೆಯಲಿಲ್ಲ. ಸರಿಯಾಗಿತ್ತು. ಬಾಗಿಲುಗಳು ಕೂಡಿದವು.

ಸಂಜೆ ಮನೆಗೆ ಬಂದು ಮಗಳ ಕೋಣೆಗೆ ಹೋದೆ. ಬೀರಿದ್ದ ಜಾಗದಲ್ಲಿ ಗೋಡೆಗೆ ಎರಡು ತೂತು, ನೆಲದ ಮೇಲೆ ಆಯತಾಕಾರದ ಧೂಳಿನ ಗೀಟು. ಗುಡಿಸಲು ಮನಸ್ಸಾಗಲಿಲ್ಲ, ಎರಡು ದಿನ ಬಿಟ್ಟೆ. ಈಗಲೂ ಆ ಕೋಣೆಗೆ ಹೋದರೆ ಕರ್ಪೂರದ ವಾಸನೆ ಹುಡುಕುತ್ತೇನೆ. ಇಲ್ಲ. ನನಗೆ ಬೇಕಿದ್ದುದು ಅಕ್ಕ ಇಲ್ಲೇ, ಗೋಡೆಯಾಚೆ ಕೆಮ್ಮುವುದು ಕೇಳುವಷ್ಟು ಹತ್ತಿರ ಇರಬೇಕೆಂದು. ಅದು ಆಗಲಿಲ್ಲ. ಆಗಲಿಲ್ಲ ಎಂದು ದೇವರಿಗೆ ದಿನಾ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಈ ವರ್ಷ ಪಂಚಮಿಗೆ ಎರಡು ದಿನ ಮೊದಲೇ ಚೀಲ ಹಿಡಿದು ಹೊರಟೆ. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು, ‘ಏನ್ರೀ, ಈ ಸಲ ನೀವೂ ಹೊಂಟೀರಿ? ಎಲ್ಲಿಗೆ?’ ಅಂದರು. ‘ತವರಿಗ್ರಿ’ ಅಂದೆ.

ಅಕ್ಕ ಬೀರು ತೆಗೆದು ತೋರಿಸಿದಳು. ನಡುವಿನ ಹಲಗೆಯ ಮೇಲೆ ಅವಳ ಸೀರೆ, ತೊಳೆದರೂ ಕುಂಕುಮದ ಕಲೆ ಉಳಿದ ಭಾವನ ಪಂಚೆ, ಅವ್ವನ ಭರಣಿ. ಕೆಳಗಿನ ಹಲಗೆ ಖಾಲಿ. ಅಲ್ಲಿ ಹೊಸ ಪೇಪರು ಹಾಸಿ, ಎರಡು ಕರ್ಪೂರದ ಬಿಲ್ಲೆ ಇಟ್ಟಿದ್ದಳು.

‘ಅದ್ಯಾಕ ಖಾಲಿ ಬಿಟ್ಟೀಯಕ್ಕ?’

‘ನಿನ್ನ ಚೀಲ ಮಂಚದ ಕೆಳಗ ಇಡ್ತೀಯೇನು?’ ಅಂದಳು ಅಕ್ಕ. ‘ತಗಿ, ನಿನ್ನ ಸೀರಿ ಅಲ್ಲಿಡು.’

ಮೂರು ಸೀರೆ ಇಟ್ಟೆ. ವಾಪಸು ಬರುವಾಗ ಎರಡೇ ತಂದೆ.